ಡೇರಿ ಲೆಕ್ಕ ಒಂದು, ಕೋರ್ಟಿನ ಹೇಳಿಕೆ ಇನ್ನೊಂದು ಆಗಬಾರದು



ಬೆಳಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ರಸ್ತೆಗಿಳಿಯುವವರು ನಾವು. ಆತಗೂರು ಹೋಬಳಿಯ ಯಾವ ಹಳ್ಳಿಯನ್ನೇ ತೆಗೆದುಕೊಳ್ಳಿ, ಡೇರಿಗೆ ಹಾಲು ಹಾಕಿ ಬರುವಾಗಲೋ, ಮೇವು ತರುವಾಗಲೋ, ಮದ್ದೂರಿಗೆ ಹೋಗಿ ಬರುವಾಗಲೋ ಗಾಡಿ ಬಡಿದು ಕಾಲು ಮುರಿದುಕೊಂಡವರು ಒಬ್ಬರಾದರೂ ಸಿಗುತ್ತಾರೆ. ಆಮೇಲೆ ಪರಿಹಾರಕ್ಕೆಂದು ಕೋರ್ಟಿನಲ್ಲಿ ಎಂ.ವಿ.ಸಿ. ಕೇಸು ಹಾಕುತ್ತಾರೆ. ಅಪಘಾತ ಆಗಿದ್ದು ನಿಜ, ಕಾಲು ಮುರಿದಿದ್ದೂ ನಿಜ. ಆದರೂ ಕೈಗೆ ಬರುವ ಹಣ ಎಷ್ಟೋ ಸಲ ಬರಬೇಕಾದದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ವಕೀಲರು ಸರಿ ಇರಲಿಲ್ಲ, ಇನ್ಶೂರೆನ್ಸಿನವರು ಮೋಸ ಮಾಡಿದರು ಎಂದು ಮಾತಾಡಿಕೊಳ್ಳುತ್ತೇವೆ.

ನನ್ನ ಅಭಿಪ್ರಾಯ ಬೇರೆ. ಹಾಲು ಉತ್ಪಾದಕನ ಕೇಸು ಬಡವಾಗುವುದು ಬಹುಪಾಲು ಒಂದೇ ಜಾಗದಲ್ಲಿ, ಅವನೇ ಸಹಿ ಹಾಕಿದ ಸಾಕ್ಷಿ ಹೇಳಿಕೆಯಲ್ಲಿ. ಅದರಲ್ಲಿ ಬರೆದದ್ದು ಒಂದು, ಆಸ್ಪತ್ರೆಯ ಕಾಗದ ಹೇಳುವುದು ಇನ್ನೊಂದು, ಡೇರಿಯ ಲೆಕ್ಕ ಹೇಳುವುದು ಮತ್ತೊಂದು ಆದರೆ ಮೂರನ್ನೂ ಅನುಮಾನದಿಂದ ನೋಡುತ್ತಾರೆ. ಕೂಲಿಯವನಿಗೆ, ತರಕಾರಿ ಮಾರುವವನಿಗೆ ಇಲ್ಲದ ಒಂದು ಬಲ ನಮಗಿದೆ. ನಮ್ಮ ದುಡಿಮೆ ದಿನಕ್ಕೆರಡು ಸಲ, ತಾರೀಖು ಸಮೇತ, ಸಂಘದ ಲೆಕ್ಕದಲ್ಲಿ ದಾಖಲಾಗುತ್ತದೆ. ಆ ಬಲವನ್ನು ಬಿಟ್ಟು ಅಂದಾಜಿನ ಮಾತು ಬರೆಸುವುದು ಯಾಕೆ?

ಹೇಳಿಕೆ ಅಂದರೆ ಏನು

ಮೋಟಾರು ವಾಹನ ಕಾಯ್ದೆ 1988ರ ಕಲಂ 166ರ ಕೆಳಗೆ ಪರಿಹಾರದ ಅರ್ಜಿ ಹಾಕುತ್ತೇವೆ. ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಅಪಘಾತ ನಡೆದ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ವಿಚಾರಣೆ ಶುರುವಾದಾಗ ಗಾಯಗೊಂಡವರೇ ಮೊದಲನೇ ಸಾಕ್ಷಿ. ಈಗ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಬಾಯಲ್ಲಿ ಹೇಳಬೇಕಾಗಿಲ್ಲ. ನಿಮ್ಮ ಮಾತನ್ನು ವಕೀಲರು ಅಫಿಡವಿಟ್ ರೂಪದಲ್ಲಿ ಬರೆಸಿ, ನಿಮ್ಮಿಂದ ಪ್ರಮಾಣ ಮಾಡಿಸಿ ಸಲ್ಲಿಸುತ್ತಾರೆ. ಅದೇ ನಿಮ್ಮ ಮುಖ್ಯ ವಿಚಾರಣೆ. ನಂತರ ಇನ್ಶೂರೆನ್ಸ್ ಕಂಪನಿಯ ವಕೀಲರು ಆ ಹೇಳಿಕೆಯನ್ನು ಒಂದು ಕೈಯಲ್ಲಿ, ನಿಮ್ಮ ದಾಖಲೆಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಾಟೀಸವಾಲು ಮಾಡುತ್ತಾರೆ.

ಕ್ರಿಮಿನಲ್ ಕೇಸಿನ ಹಾಗೆ ಇಲ್ಲಿ ಎಳ್ಳಷ್ಟೂ ಸಂಶಯ ಇರಬಾರದು ಎಂದೇನಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಸಾಕು. ಆದ್ದರಿಂದ ಸಣ್ಣ ಪುಟ್ಟ ವ್ಯತ್ಯಾಸದಿಂದ ಕೇಸು ಬೀಳುವುದಿಲ್ಲ. ಕೇಸನ್ನು ಕೆಡಿಸುವುದು ವಿವರಣೆ ಇಲ್ಲದ ವ್ಯತ್ಯಾಸ. ವ್ಯತ್ಯಾಸವನ್ನು ನೀವೇ ಮೊದಲು ಹೇಳಿದರೆ ಅದು ವಿವರಣೆ ಆಗುತ್ತದೆ. ಎದುರು ವಕೀಲರು ಹುಡುಕಿ ತೆಗೆದರೆ ಅದೇ ಸುಳ್ಳಾಗಿ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ಲೆಕ್ಕ ತಿಳಿಯಲೆಂದು ನಾನು ಕಟ್ಟಿಕೊಂಡ ಉದಾಹರಣೆ, ಯಾರ ಮನೆಯ ಕಥೆಯೂ ಅಲ್ಲ. 38 ವರ್ಷದ ಒಬ್ಬ ಉತ್ಪಾದಕ, ಮೂರು ಕರೆಯುವ ಹಸು, ದಿನಕ್ಕೆ ಸರಾಸರಿ 18 ಲೀಟರ್ ಹಾಲು, ಒಂದು ಎಕರೆ ಕಬ್ಬು. 2025ರ ಜನವರಿ 9ರ ಗುರುವಾರ ಸಂಜೆ ಹಾಲು ಹಾಕಿ ಬೈಕಿನಲ್ಲಿ ಮನೆಗೆ ಬರುವಾಗ ಹಿಂದಿನಿಂದ ಕಾರು ಬಡಿಯಿತು. ಬಲಗಾಲಿನ ಮೊಣಕಾಲಿಂದ ಕೆಳಗಿನ ಎರಡೂ ಮೂಳೆ ಮುರಿದವು. ರಾಡ್ ಹಾಕಿದರು. ಜನವರಿ 20ಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದರು.

ತಾರೀಖು ಮತ್ತು ಗಂಟೆ

ಮೊದಲು ಎಲ್ಲ ಕಾಗದಗಳನ್ನು ತಾರೀಖಿನ ಪ್ರಕಾರ ಒಂದರ ಕೆಳಗೊಂದು ಜೋಡಿಸಿ. ಸಾಮಾನ್ಯವಾಗಿ ಇಷ್ಟಿರುತ್ತವೆ: ಮೊದಲು ಹೋದ ಆಸ್ಪತ್ರೆಯ ಚೀಟಿ, ಪೊಲೀಸರಿಗೆ ಕೊಟ್ಟ ದೂರು ಮತ್ತು ಎಫ್‌ಐಆರ್, ಸ್ಥಳದ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ದೋಷಾರೋಪಣ ಪಟ್ಟಿ. ಒಂದು ಹಾಳೆಯಲ್ಲಿ ಗೆರೆ ಎಳೆದು ಪ್ರತಿ ಕಾಗದವೂ ಯಾವ ತಾರೀಖು, ಎಷ್ಟು ಗಂಟೆ, ಯಾವ ಜಾಗ, ಯಾವ ವಾಹನ ಎಂದು ಹೇಳುತ್ತದೆಯೋ ಬರೆದುಕೊಳ್ಳಿ. ಹೇಳಿಕೆ ಬರೆಸುವುದಕ್ಕೆ ಮುಂಚೆ ಆ ಹಾಳೆ ನಿಮ್ಮ ಕೈಯಲ್ಲಿರಬೇಕು.

ನಮ್ಮ ಉದಾಹರಣೆಯಲ್ಲಿ ಆ ಹಾಳೆ ಮೂರು ತೊಡಕು ತೋರಿಸುತ್ತದೆ. ಒಂದು, ದೂರು ಕೊಟ್ಟಿದ್ದು ಜನವರಿ 11ಕ್ಕೆ, ಎರಡು ದಿನ ತಡ. ಎರಡು, ಮೊದಲ ಆಸ್ಪತ್ರೆಯ ಚೀಟಿಯಲ್ಲಿ 'ಬೈಕಿನಿಂದ ಬಿದ್ದು ಗಾಯ' ಎಂದಷ್ಟೇ ಇದೆ, ಕಾರಿನ ಮಾತಿಲ್ಲ. ಮೂರು, ದೂರಿನಲ್ಲಿ ಸಂಜೆ 6.30 ಎಂದಿದ್ದರೆ, ವಕೀಲರ ಕಚೇರಿಯ ಕರಡಿನಲ್ಲಿ ಹಳೆಯ ನಮೂನೆಯಿಂದ ಉಳಿದುಕೊಂಡ 'ಬೆಳಗ್ಗೆ 8.30' ಇದೆ.

ಮೂರನೆಯದು ಬರವಣಿಗೆಯ ತಪ್ಪು. ಸಹಿಗೆ ಮುಂಚೆ ತಿದ್ದಿದರೆ ಮುಗಿಯಿತು. ಮೊದಲೆರಡು ಹಾಗಲ್ಲ. ಬೈಕಿನಿಂದ ತಾನೇ ಬಿದ್ದು, ಆಮೇಲೆ ಇನ್ಶೂರೆನ್ಸ್ ಇರುವ ಒಂದು ಕಾರನ್ನು ಹುಡುಕಿ ಸೇರಿಸಿದ್ದಾರೆ ಎಂದು ಕಂಪನಿ ಆಕ್ಷೇಪಿಸುವುದೇ ಇಂಥ ಜಾಗದಲ್ಲಿ. ಅದಕ್ಕೆ ಉತ್ತರ ಹೇಳಿಕೆಯೊಳಗೇ ಇರಬೇಕು. ಉದಾಹರಣೆಗೆ ಹೀಗೆ: 'ನನ್ನನ್ನು ಆಸ್ಪತ್ರೆಗೆ ಕರೆತಂದವರು ದಾರಿಹೋಕರು. ಅವರು ಡಿಕ್ಕಿಯನ್ನು ನೋಡಿರಲಿಲ್ಲ. ಬಿದ್ದಿದ್ದಾರೆ ಎಂದು ಅವರು ಹೇಳಿದ್ದನ್ನು ಅಲ್ಲಿ ಬರೆದುಕೊಂಡಿದ್ದಾರೆ. ನನ್ನ ತಮ್ಮ ಎರಡು ದಿನ ನನ್ನ ಜೊತೆ ಆಸ್ಪತ್ರೆಯಲ್ಲೇ ಇದ್ದನು. 11ನೇ ತಾರೀಖು ಆಪರೇಷನ್ ಮುಗಿದ ಮೇಲೆ ಹೋಗಿ ದೂರು ಕೊಟ್ಟನು.' ಇದು ನಿಜವಾಗಿದ್ದರೆ ಮಾತ್ರ ಬರೆಯಿರಿ, ನಿಜವಾಗಿದ್ದರೆ ಖಂಡಿತ ಬರೆಯಿರಿ. ಗಾಯಾಳುವನ್ನು ಉಳಿಸಿಕೊಳ್ಳುವುದು ಮನೆಯವರ ಮೊದಲ ಕೆಲಸ, ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕೇಸನ್ನು ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ಆದರೆ ತಡಕ್ಕೆ ಕಾರಣ ಏನು ಎಂದು ಹೇಳಬೇಕಾದವರು ನೀವೇ.

ಇಲ್ಲಿ ಡೇರಿ ಒಂದು ಉಪಕಾರ ಮಾಡುತ್ತದೆ. ಹಾಲು ಹಾಕಿದಾಗ ಯಂತ್ರದಿಂದ ಬರುವ ಚೀಟಿಯಲ್ಲಿ ತಾರೀಖು, ಹೊತ್ತು, ನಿಮ್ಮ ಸದಸ್ಯ ಸಂಖ್ಯೆ, ಲೀಟರು ಎಲ್ಲ ಇರುತ್ತದೆ. ಗಂಟೆಯೂ ಮುದ್ರಣವಾಗಿದ್ದರೆ ಇನ್ನೂ ಒಳ್ಳೆಯದು. ಜನವರಿ 9ರ ಸಂಜೆಯ ಆ ಚೀಟಿ, ನೀವು ಆ ಹೊತ್ತಿಗೆ ಡೇರಿಯ ಹತ್ತಿರ ಇದ್ದಿರಿ ಎಂಬುದಕ್ಕೆ ಕೇಸಿಗೆಂದು ಹುಟ್ಟಿದ ಕಾಗದವಲ್ಲ. ಅದಕ್ಕೇ ಅದಕ್ಕೆ ಬೆಲೆ ಹೆಚ್ಚು.

ಅದೇ ಲೆಕ್ಕ ಒಂದು ಪ್ರಶ್ನೆಯನ್ನೂ ಎತ್ತುತ್ತದೆ. ಮಾರನೆಯ ದಿನ ಜನವರಿ 10ಕ್ಕೂ ಅದೇ ಸದಸ್ಯ ಸಂಖ್ಯೆಯಲ್ಲಿ ಹಾಲು ಹಾಕಿದ ದಾಖಲೆ ಇರುತ್ತದೆ. ಯಜಮಾನ ಆಸ್ಪತ್ರೆಯಲ್ಲಿದ್ದರೂ ಹಸು ಕರೆಯದೆ ಬಿಡಲಾಗುತ್ತದೆಯೇ? ಹೆಂಡತಿ ಕರೆದು ಹಾಕಿದ್ದಾರೆ. 'ಆಸ್ಪತ್ರೆಯಲ್ಲಿದ್ದೆ ಅನ್ನುತ್ತೀರಿ, ಡೇರಿಗೆ ಹಾಲು ಹಾಕಿದವರು ಯಾರು?' ಎಂದು ಕೇಳುವುದಕ್ಕೆ ಮುಂಚೆಯೇ, '10ನೇ ತಾರೀಖಿನಿಂದ ನನ್ನ ಸಂಖ್ಯೆಯಲ್ಲಿ ನನ್ನ ಹೆಂಡತಿ ಹಾಲು ಹಾಕುತ್ತಿದ್ದಾರೆ' ಎಂಬ ಒಂದು ಸಾಲು ಹೇಳಿಕೆಯಲ್ಲಿರಲಿ.

ಗಾಯ, ಮತ್ತು ಆ ಗಾಯದಿಂದ ನಿಂತ ಕೆಲಸ

ಗಾಯದ ವಿವರವನ್ನು ನಿಮ್ಮ ಮಾತಿನಲ್ಲಿ ಹೆಚ್ಚಿಸಬೇಡಿ. ಗಾಯದ ಸರ್ಟಿಫಿಕೇಟು ಮತ್ತು ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನಿದೆಯೋ ಅದನ್ನೇ, ಅದೇ ಕ್ರಮದಲ್ಲಿ ಬರೆಸಿ. ಎಡಗಾಲೋ ಬಲಗಾಲೋ ಎಂಬುದನ್ನು ಪ್ರತಿ ಕಾಗದದಲ್ಲೂ ಬೆರಳಿಟ್ಟು ನೋಡಿ. ಒಂದು ಕಾಗದದಲ್ಲಿ ಎಡ ಎಂದು ತಪ್ಪಾಗಿ ಬಿದ್ದಿದ್ದರೆ ನೀವು ಪೆನ್ನಿನಲ್ಲಿ ತಿದ್ದಲೇಬಾರದು, ತಿದ್ದಿದರೆ ಅದು ಬೇರೆಯೇ ಅಪರಾಧ ಆಗುತ್ತದೆ. ಆಸ್ಪತ್ರೆಗೆ ಅರ್ಜಿ ಕೊಟ್ಟು ಸರಿಪಡಿಸಿದ ಪ್ರತಿ ಪಡೆಯಿರಿ. ಅದು ಆಗದಿದ್ದರೆ ವೈದ್ಯರು ಸಾಕ್ಷಿ ಹೇಳುವಾಗ ಎಕ್ಸ್-ರೇ ತೋರಿಸಿ ಸ್ಪಷ್ಟಪಡಿಸಲಿ.

ಒಳರೋಗಿಯಾಗಿದ್ದ ದಿನಗಳೂ ಹಾಗೆಯೇ. ಜನವರಿ 9ರಿಂದ 20ರವರೆಗೆ ಎರಡೂ ದಿನ ಸೇರಿಸಿದರೆ 12 ದಿನ. ಕರಡಿನಲ್ಲಿ '15 ದಿನ' ಎಂದಿದ್ದರೆ ಲಾಭವೇನೂ ಇಲ್ಲ, ಮೂರು ದಿನದ ಸುಳ್ಳು ಮಾತ್ರ ಉಳಿಯುತ್ತದೆ. ಮಲಗಿದ್ದ ಅವಧಿಯೂ ಅಷ್ಟೇ. ಮೇ 14ರ ಚೀಟಿಯಲ್ಲಿ ಮೂಳೆ ಕೂಡಿದೆ, ಕೋಲಿಲ್ಲದೆ ನಡೆಯುತ್ತಿದ್ದಾರೆ ಎಂದು ವೈದ್ಯರು ಬರೆದಿದ್ದರೆ, 'ಒಂದು ವರ್ಷ ಹಾಸಿಗೆ ಹಿಡಿದಿದ್ದೆ' ಎಂಬ ಸಾಲು ನಿಮ್ಮ ಉಳಿದ ನಿಜಗಳನ್ನೂ ಎಳೆದುಕೊಂಡು ಬೀಳುತ್ತದೆ. ನಾಲ್ಕು ತಿಂಗಳು ಎಂದು ಬರೆದರೆ ಕಾಗದ ನಿಮ್ಮ ಬೆನ್ನಿಗಿರುತ್ತದೆ.

ಇನ್ನು ಮುಖ್ಯವಾದದ್ದು. ವೈದ್ಯರು ಅಂಗವಿಕಲತೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಬಲಗಾಲಿಗೆ ಶೇ 30, ಇಡೀ ದೇಹಕ್ಕೆ ಶೇ 10 ಎಂದರು ಎನ್ನಿ. ಆದರೆ ನ್ಯಾಯಮಂಡಳಿ ಕೊನೆಗೆ ನೋಡಬೇಕಾದದ್ದು ಆ ಅಂಕಿಯನ್ನಲ್ಲ, ಅದರಿಂದ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ಅವನ ದುಡಿಮೆ ಹೆಚ್ಚೂಕಡಿಮೆ ಪೂರ್ತಿ ಹೋದಂತೆ. ಅದೇ ಕೈ ಕಳೆದುಕೊಂಡವನು ಸರ್ಕಾರಿ ಗುಮಾಸ್ತನಾಗಿದ್ದರೆ ಅವನ ನೌಕರಿ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ.

ಹಾಗಾದರೆ ಹಸು ಸಾಕುವವನ ಬಲಗಾಲು ಎಂದರೇನು? ಇದನ್ನು ಹೇಳಬಲ್ಲವರು ವಕೀಲರಲ್ಲ, ನೀವು. 'ಭಾರವಾದ ಕೆಲಸ ಮಾಡಲಾಗುತ್ತಿಲ್ಲ' ಎಂಬ ನಮೂನೆಯ ಸಾಲು ಎಲ್ಲರ ಅಫಿಡವಿಟ್ಟಿನಲ್ಲೂ ಇರುತ್ತದೆ, ಅದನ್ನು ಓದಿ ಯಾರಿಗೂ ಏನೂ ಕಾಣುವುದಿಲ್ಲ. ಅದರ ಬದಲು ಹೀಗೆ ಬರೆಸಿ: 'ಕೈಯಲ್ಲಿ ಹಾಲು ಕರೆಯಲು ಒಂದು ಹಸುವಿಗೆ ಹತ್ತು ನಿಮಿಷದಂತೆ ಎರಡು ಹೊತ್ತೂ ಕುಕ್ಕರಗಾಲಿನಲ್ಲಿ ಕೂರಬೇಕು, ಈಗ ಬಲಮಂಡಿ ಮಡಿಸಲಾಗುತ್ತಿಲ್ಲ. ಗದ್ದೆ ಬದುವಿನ ಮೇಲೆ ಹಸಿ ಮೇವಿನ ಹೊರೆ ಹೊತ್ತು ನಡೆಯಲಾಗುತ್ತಿಲ್ಲ. ಕೊಟ್ಟಿಗೆಯಲ್ಲಿ ಬಗ್ಗಿ ಸಗಣಿ ಬಾಚಲಾಗುತ್ತಿಲ್ಲ. ಹಸು ಎಳೆದರೆ ಕಾಲೂರಿ ಹಿಡಿಯಲಾಗುತ್ತಿಲ್ಲ. ಹಿಂಡಿ ಕಲಸುವುದು, ನೀರಿಡುವುದು, ಡೇರಿಗೆ ಹಾಲು ಒಯ್ಯುವುದು ಮಾಡುತ್ತೇನೆ.' ಕೊನೆಯ ಸಾಲನ್ನು ಬಿಡಬೇಡಿ. ಮಾಡಬಲ್ಲ ಕೆಲಸವನ್ನು ಒಪ್ಪಿಕೊಂಡವನ ಬಾಯಲ್ಲಿ, ಮಾಡಲಾಗದ ಕೆಲಸದ ಮಾತು ನಂಬಿಕೆ ಹುಟ್ಟಿಸುತ್ತದೆ. ಈ ಕೆಲಸಗಳ ಪಟ್ಟಿಯನ್ನು ಅಂಗವಿಕಲತೆ ಪರೀಕ್ಷಿಸುವ ವೈದ್ಯರಿಗೂ ಹೇಳಿ. ಮಂಡಿ ಎಷ್ಟು ಮಡಿಚುತ್ತದೆ ಎಂದು ಅವರು ಅಳೆದು ಬರೆದರೆ ನಿಮ್ಮ ಮಾತಿಗೂ ಅವರ ಮಾತಿಗೂ ಗಂಟು ಬೀಳುತ್ತದೆ.

ಆದಾಯ: ಬಟವಾಡೆ ಎಲ್ಲವೂ ಆದಾಯವಲ್ಲ

ಆದಾಯದ ಜಾಗದಲ್ಲಿ ದೊಡ್ಡ ಅಂಕಿ ಬರೆಸಿದರೆ ಅರ್ಧವಾದರೂ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣ ನೋಡಿ. ರಾಮಚಂದ್ರಪ್ಪ ಎಂಬ ಕೂಲಿ ಕಾರ್ಮಿಕರು 2004ರ ಅಪಘಾತಕ್ಕೆ ತಿಂಗಳಿಗೆ 4,500 ರೂ. ದುಡಿಯುತ್ತಿದ್ದೆ ಎಂದರು. ಯಾವ ದಾಖಲೆಯೂ ಇರಲಿಲ್ಲ. ನ್ಯಾಯಮಂಡಳಿ 3,000 ರೂ. ಎಂದು ಹಿಡಿದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅವರು ಹೇಳಿದ 4,500ನ್ನು ಪೂರ್ತಿ ಒಪ್ಪಿತು, ಏಕೆಂದರೆ ಆ ಕಾಲದ ಕೂಲಿಗೆ ಅದು ಹೊಂದುವ ಅಂಕಿ. ನಂಬಲಾಗದಷ್ಟು ಹೆಚ್ಚು ಕೇಳಿದರೆ ಒಪ್ಪಬೇಕಾಗಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಇನ್ನೊಂದು, ಸೈಯದ್ ಸಾದಿಕ್ ಎಂಬ ತರಕಾರಿ ವ್ಯಾಪಾರಿಯ ಪ್ರಕರಣ. ಕಾಲು ಕಳೆದುಕೊಂಡ ಅವರು 10,000 ರೂ. ಆದಾಯ ಎಂದಿದ್ದರು. ಹೈಕೋರ್ಟು 3,500 ಹಿಡಿಯಿತು, 2014ರಲ್ಲಿ ಸುಪ್ರೀಂ ಕೋರ್ಟು 6,500ಕ್ಕೆ ಏರಿಸಿತು. ತರಕಾರಿ ಮಾರುವವನಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದು ಎಂದು ಕೋರ್ಟು ಉದಾರವಾಗಿ ನೋಡಿದ ಮೇಲೂ ಸಿಕ್ಕಿದ್ದು ಕೇಳಿದ ಅಂಕಿಯಲ್ಲ.

ಅವರಿಬ್ಬರೂ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ನಮಗೆ ಸಂಘದ ಲೆಕ್ಕವಿದೆ. ಆದರೆ ಆ ಲೆಕ್ಕವನ್ನು ಬಿಡಿಸಿ ಹೇಳದಿದ್ದರೆ ಅದು ನಮಗೇ ತಿರುಗುತ್ತದೆ.

ಒಬ್ಬ ಉತ್ಪಾದಕನ ಹಾಲಿನ ಹಣ ಮೂರು ಅಂಕಿಯಾಗಿ ಕಾಣುತ್ತದೆ. ಹಾಕಿದ ಹಾಲಿನ ಒಟ್ಟು ಬೆಲೆ ಒಂದು. ಸಂಘದಲ್ಲಿ ಸಾಲಕ್ಕೆ ತಂದ ಪಶು ಆಹಾರ, ವಿಮೆ ಕಂತು ಮುಂತಾದವು ಕಡಿತವಾದ ಮೇಲಿನ ಬಟವಾಡೆ ಇನ್ನೊಂದು. ಬ್ಯಾಂಕಿಗೆ ಜಮೆಯಾಗಿದ್ದು ಮತ್ತೊಂದು, ಅದರಲ್ಲಿ ಸರ್ಕಾರದ ಪ್ರೋತ್ಸಾಹಧನ ಬೇರೆ ತಾರೀಖಿಗೆ ಬೇರೆಯಾಗಿ ಬಂದಿರುತ್ತದೆ. ಹೇಳಿಕೆಯಲ್ಲಿ ಒಂದು ಅಂಕಿ ಬರೆದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಕಂಡರೆ ಎದುರು ವಕೀಲರಿಗೆ ಅಷ್ಟೇ ಸಾಕು. ಆದ್ದರಿಂದ ಒಟ್ಟು ಎಷ್ಟು, ಖರ್ಚು ಎಷ್ಟು, ಉಳಿದದ್ದು ಎಷ್ಟು ಎಂದು ಮೂರನ್ನೂ ಬರೆಯಿರಿ.

ನಮ್ಮ ಉದಾಹರಣೆಯಲ್ಲಿ, ಲೆಕ್ಕ ಸುಲಭವಾಗಲೆಂದು, 18 ಲೀಟರಿಗೆ ತಿಂಗಳ ಒಟ್ಟು ಹಾಲಿನ ಹಣ 18,000 ರೂ. ಎನ್ನೋಣ. ಪಶು ಆಹಾರ, ಬೂಸಾ, ಔಷಧಿ, ಒಣಹುಲ್ಲು ಸೇರಿ 8,000 ಖರ್ಚು. ಉಳಿಯುವುದು 10,000. ಕಬ್ಬಿನಿಂದ ಕಾರ್ಖಾನೆ ಬಿಲ್ಲಿನ ಪ್ರಕಾರ ಖರ್ಚು ಕಳೆದು ವರ್ಷಕ್ಕೆ 60,000, ತಿಂಗಳಿಗೆ 5,000. ಒಟ್ಟು 15,000. ಕರಡಿನಲ್ಲಿ '40,000' ಎಂದಿದ್ದು ನ್ಯಾಯಮಂಡಳಿ ಅದನ್ನು ನಂಬದಿದ್ದರೆ, ಆ ವರ್ಷದ ಕೂಲಿಯವರಿಗೆ ಹಿಡಿಯುವ ಅಂದಾಜು ಆದಾಯಕ್ಕೆ ಇಳಿಯುವುದು ವಾಡಿಕೆ. ಆಗ ನಿಮ್ಮ ಹಸುಗಳೂ ಇಲ್ಲ, ಕಬ್ಬೂ ಇಲ್ಲ, ನೀವು ಬರೀ ಕೂಲಿ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: 'ಹಸು ಇದೆ, ಜಮೀನಿದೆ, ಡೇರಿಗೆ ಹಾಲು ಹೋಗುತ್ತಲೇ ಇದೆ. ಮತ್ತೆ ನಷ್ಟ ಎಲ್ಲಿ?' ಇದು ಹುಸಿ ಪ್ರಶ್ನೆಯಲ್ಲ. ಜಮೀನು ಉಳಿದಿರುವಾಗ ಅದರ ಪೂರ್ತಿ ಆದಾಯವನ್ನು ನಷ್ಟ ಎನ್ನಲಾಗದು, ದುಡಿಮೆ ಮತ್ತು ಮೇಲ್ವಿಚಾರಣೆಯ ನಷ್ಟವನ್ನು ನೋಡಬೇಕು ಎಂದು 2003ರಲ್ಲಿ ಹರಿಯಾಣ ರಾಜ್ಯ ವಿರುದ್ಧ ಜಸ್ಬೀರ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಉತ್ತರ ಇರುವುದು ಅಪಘಾತಕ್ಕೆ ಹಿಂದಿನ 12 ತಿಂಗಳು ಮತ್ತು ನಂತರದ 12 ತಿಂಗಳ ಹಾಲಿನ ಲೆಕ್ಕವನ್ನು ಪಕ್ಕಪಕ್ಕ ಇಡುವುದರಲ್ಲಿ. ಮುಂಚೆ 18 ಲೀಟರ್ ಇದ್ದದ್ದು ಫೆಬ್ರವರಿಯಿಂದ 12 ಆಗಿದೆ, ಏಕೆಂದರೆ ನೋಡಿಕೊಳ್ಳಲಾಗದೆ ಒಂದು ಹಸು ಮಾರಿದರು. ರಾಸು ವಿಮೆಯ ಕಾಗದದಲ್ಲಿ ಮೂರು ಕಿವಿಯೋಲೆ ಸಂಖ್ಯೆ ಇತ್ತು, ಈಗ ಕೊಟ್ಟಿಗೆಯಲ್ಲಿ ಎರಡಿವೆ. ಮೇವು ತರಲು ಆಳಿಗೆ ತಿಂಗಳಿಗೆ ಇಷ್ಟು ಕೊಡುತ್ತಿದ್ದಾರೆ, ಆ ಆಳು ಬಂದು ಹೇಳಬಲ್ಲನು. ಹೀಗೆ ಬರೆದರೆ, ಹಾಲು ಹೋಗುತ್ತಿದ್ದರೂ ದುಡಿಯುವ ಕೈ ಬದಲಾಗಿದೆ, ಅದಕ್ಕೆ ಹಣ ಹೋಗುತ್ತಿದೆ ಎಂಬುದು ಕಾಣುತ್ತದೆ. ಅಪಘಾತದ ನಂತರದ ಲೆಕ್ಕವನ್ನು ಮುಚ್ಚಿಟ್ಟರೆ ಈ ಉತ್ತರವೇ ಇಲ್ಲ.

ಸದಸ್ಯತ್ವ ಹೆಂಡತಿಯ ಹೆಸರಿನಲ್ಲಿದ್ದರೆ ಅದನ್ನೂ ಇದ್ದಂತೆ ಹೇಳಿ, ಯಾರು ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಬಿಡಿಸಿ. ಗಾಯವಾದದ್ದು ಹೆಣ್ಣುಮಗಳಿಗಾದರೆ, ಹಸು ಕರೆದು ಡೇರಿಗೆ ಹಾಲು ಹಾಕುತ್ತಿದ್ದವಳನ್ನು ಕರಡಿನಲ್ಲಿ 'ಗೃಹಿಣಿ' ಎಂದಷ್ಟೇ ಬರೆದು ಬಿಡಲು ಒಪ್ಪಬೇಡಿ. ಮನೆಗೆಲಸಕ್ಕೆ ಬೆಲೆಯಿದೆ, ಅದರ ಮೇಲೆ ಅವಳ ಹಾಲಿನ ದುಡಿಮೆಗೂ ದಾಖಲೆಯಿದೆ.

ಅಂಕಿಯಲ್ಲಿ ನೋಡಿದರೆ

ಮುಂದಿನ ದುಡಿಮೆಯ ನಷ್ಟವನ್ನು ಹೀಗೆ ಲೆಕ್ಕ ಹಾಕುತ್ತಾರೆ: ತಿಂಗಳ ಆದಾಯವನ್ನು 12ರಿಂದ ಗುಣಿಸಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ದುಡಿಯುವ ಶಕ್ತಿ ಹೋದ ಶೇಕಡಾವಾರು ತೆಗೆಯುವುದು. 36ರಿಂದ 40 ವರ್ಷದವರಿಗೆ ಗುಣಕ 15, 41ರಿಂದ 45ಕ್ಕೆ 14. ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ಅಂಚಿನ ವಯಸ್ಸಿನವರು ಶಾಲೆಯ ದಾಖಲೆ ಹುಡುಕಿ ಇಟ್ಟುಕೊಳ್ಳುವುದು ಇದಕ್ಕೇ.

ನಮ್ಮ ಉತ್ಪಾದಕನಿಗೆ 15,000 ಗುಣಿಸು 12 ಗುಣಿಸು 15 ಅಂದರೆ 27 ಲಕ್ಷ. ಅದರಲ್ಲಿ ಶೇ 10 ಎಂದರೆ 2,70,000 ರೂ. ಕುಕ್ಕರಗಾಲಿನ ಸಾಲು, ಹೊರೆಯ ಸಾಲು ನಂಬಿಕೆ ಹುಟ್ಟಿಸಿ, ವೈದ್ಯರ ಅಳತೆಯೂ ಅದಕ್ಕೆ ಹೊಂದಿ, ನ್ಯಾಯಮಂಡಳಿ ದುಡಿಮೆಯ ನಷ್ಟವನ್ನು ಶೇ 20 ಎಂದು ಹಿಡಿದರೆ 5,40,000 ರೂ. ಇದಲ್ಲದೆ ಮಲಗಿದ್ದ ನಾಲ್ಕು ತಿಂಗಳಿಗೆ 60,000, ಚಿಕಿತ್ಸೆಯ ಬಿಲ್ಲು, ನೋವಿಗೆ ಪರಿಹಾರ, ಮುಂದೆ ಆದಾಯ ಹೆಚ್ಚಬಹುದಾಗಿದ್ದುದರ ಬಾಬತ್ತು, ಬಡ್ಡಿ ಬೇರೆ. ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರ ವಿವೇಚನೆ. ಆದರೆ ಗಮನಿಸಿ, ಸುಳ್ಳು ಆದಾಯ ಬರೆಸದೆಯೇ, ನಿಜವಾದ ಕೆಲಸವನ್ನು ಬಿಡಿಸಿ ಹೇಳಿದ್ದಕ್ಕೇ ಆ ಬಾಬತ್ತು ಎರಡರಷ್ಟಾಗಬಹುದು.

ಸಂಘಗಳು ಮಾಡಬೇಕಾದದ್ದು

ಈಗ ನನ್ನ ಒತ್ತಾಯ. ಅಪಘಾತವಾದ ಸದಸ್ಯ ಕೇಳಿಕೊಂಡು ಬಂದರೆ ಕಾರ್ಯದರ್ಶಿಗಳು 'ಇವರು ನಮ್ಮ ಸಂಘದ ಸದಸ್ಯರು, ತಿಂಗಳಿಗೆ ಸುಮಾರು 30,000 ರೂ. ಆದಾಯ ಇರುತ್ತದೆ' ಎಂಬ ಪತ್ರ ಬರೆದು ಮೊಹರು ಹಾಕಿ ಕೊಡುವ ವಾಡಿಕೆ ನಿಲ್ಲಬೇಕು. ಅದು ಉಪಕಾರವಲ್ಲ. ಆದಾಯ ಎಷ್ಟೆಂದು ಹೇಳುವುದು ಸಂಘದ ಕೆಲಸವೂ ಅಲ್ಲ, ಪಾಟೀಸವಾಲಿನಲ್ಲಿ ಆ ಅಂಕಿ ನಿಲ್ಲುವುದೂ ಇಲ್ಲ. ಅದರ ಬದಲು ಸದಸ್ಯ ಸಂಖ್ಯೆ, ಸದಸ್ಯತ್ವದ ತಾರೀಖು, ಅಪಘಾತದ ಹಿಂದಿನ ಮತ್ತು ನಂತರದ 12 ತಿಂಗಳ ಲೀಟರು, ಒಟ್ಟು ಹಣ, ಕಡಿತ, ಬಟವಾಡೆ ಇವನ್ನು ತಿಂಗಳುವಾರು ಪಟ್ಟಿ ಮಾಡಿ, ರಿಜಿಸ್ಟರಿನ ಪುಟ ಸಂಖ್ಯೆ ಹಾಕಿ ಕೊಡಿ. ಕಂಪ್ಯೂಟರಿನಿಂದ ತೆಗೆದ ಲೆಕ್ಕವಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗೆ ಬೇಕಾಗುತ್ತದೆ, ನಮೂನೆಯನ್ನು ವಕೀಲರಿಂದ ಪಡೆದು ಭರ್ತಿ ಮಾಡಿಕೊಡಿ. ಎದುರು ಕಡೆಯವರು ತಕರಾರು ಮಾಡಿದರೆ ಆ ಪಟ್ಟಿಗೆ ಸಾಕ್ಷಿ ಹೇಳಲು ಕಾರ್ಯದರ್ಶಿ ರಿಜಿಸ್ಟರು ಸಮೇತ ಕೋರ್ಟಿಗೆ ಹೋಗಬೇಕಾಗುತ್ತದೆ. ಆ ಒಂದು ದಿನದ ಭತ್ಯೆಯನ್ನು ಸಂಘವೇ ಕೊಡುವಂತೆ ಆಡಳಿತ ಮಂಡಳಿ ತೀರ್ಮಾನ ಮಾಡಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಇಡಿ ಎಂದು ಕೇಳುವುದು ನಿಮ್ಮ ಹಕ್ಕು.

ನಿಮ್ಮ ಕಡೆಯಿಂದ ಆಗಬೇಕಾದದ್ದು ಒಂದೇ. ಅಫಿಡವಿಟ್ ಇಂಗ್ಲಿಷಿನಲ್ಲಿ ಟೈಪಾಗಿ ಬಂದರೆ ಸಹಿ ಹಾಕುವ ಮುಂಚೆ ಅದನ್ನು ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿ ಎಂದು ವಕೀಲರನ್ನು ಕೇಳಿ. ಸಂಕೋಚ ಬೇಡ. ಓದುವಾಗ ನೀವು ಜೋಡಿಸಿಕೊಂಡ ತಾರೀಖಿನ ಹಾಳೆ ಒಂದು ಕೈಯಲ್ಲಿರಲಿ, ಸಂಘ ಕೊಟ್ಟ ಹಾಲಿನ ಪಟ್ಟಿ ಇನ್ನೊಂದು ಕೈಯಲ್ಲಿರಲಿ. ಯಾವ ಸಾಲು ಅವೆರಡಕ್ಕೂ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿಸಿ, ತಿದ್ದಿಸಿ, ಆಮೇಲೆ ಸಹಿ ಹಾಕಿ.